ಒಂದು ಖಣ, ಹತ್ತು ಸಂಚಿ

ಪುಣೆಯ ಓದುಗರೊಬ್ಬರು ಬರೆದಿದ್ದಾರೆ: "ತೀರಿಹೋದ ಅಮ್ಮನ ಪೆಟ್ಟಿಗೆಯಲ್ಲಿ ಒಂದು ಗುಳೇದಗುಡ್ಡದ ಖಣ ಸಿಕ್ಕಿತು. ರವಿಕೆ ಹೊಲಿಸಲು ಮನಸ್ಸಿಲ್ಲ. ಶ್ರಾವಣದಲ್ಲಿ ಹತ್ತು ಜನ ಮುತ್ತೈದೆಯರನ್ನು ಕರೆಯುತ್ತೇನೆ. ಅವರಿಗೆ ತಾಂಬೂಲವನ್ನು ಇದರ ಸಂಚಿಯಲ್ಲಿ ಕೊಡಬೇಕೆಂಬ ಆಸೆ. ಖಣ 31 ಇಂಚು ಅಗಲ, 33 ಇಂಚು ಉದ್ದ ಇದೆ. ಹತ್ತು ಸಂಚಿ ಆಗುತ್ತವೆಯೇ? ಹೇಗೆ ಕತ್ತರಿಸಲಿ? ವಿಡಿಯೋ ನೋಡಿದೆ, ಅಳತೆ ನೆನಪಿನಲ್ಲಿ ಉಳಿಯುವುದಿಲ್ಲ. ಬರೆದು ಕೊಡಿ."

ಅಜ್ಜಿಯರ ಸೊಂಟದಲ್ಲಿದ್ದ ಎಲೆ-ಅಡಿಕೆಯ ಸಂಚಿಯೇ ಇದು. ಉತ್ತರ ಕರ್ನಾಟಕದಲ್ಲಿ ಚಂಚಿ, ಪುಣೆಯ ಅಂಗಡಿಗಳಲ್ಲಿ ಬಟವಾ, ದಿಲ್ಲಿಯಲ್ಲಿ ಪೋಟ್ಲಿ. ಸಾದಾ ಬಟ್ಟೆಯಾಗಿದ್ದರೆ ಕೆಟ್ಟರೆ ಇನ್ನೊಂದು ತುಂಡು ತರಬಹುದು. ಈ ಖಣಕ್ಕೆ ಎರಡನೆಯದಿಲ್ಲ. ಆದ್ದರಿಂದ ಲೆಕ್ಕ ಮೊದಲು, ಕತ್ತರಿ ಆಮೇಲೆ.

ಅಳತೆ ಬಂದ ಬಗೆ

ಹೊಲಿದಾದ ಮೇಲೆ ಸಂಚಿ 5 ಇಂಚು ಅಗಲ, 7 ಇಂಚು ಎತ್ತರ ಇರುತ್ತದೆ. ಲಾಡಿ ಹಾಯುವ ಪಟ್ಟಿ ಬಾಯಿಯಿಂದ 1 ಇಂಚು ಕೆಳಗೆ ಶುರುವಾಗಿ ಮುಕ್ಕಾಲು ಇಂಚು ಅಗಲವಿರುತ್ತದೆ. ಮೇಲಿನ ಒಂದು ಇಂಚು ಲಾಡಿ ಎಳೆದಾಗ ನಿರಿಗೆಯಾಗಿ ನಿಲ್ಲುತ್ತದೆ. ಪಟ್ಟಿಯ ಕೆಳಗೆ ಸಾಮಾನಿಗೆ ಉಳಿಯುವುದು 5¼ ಇಂಚು. ಮಡಿಸಿದ ಎಲೆ, ಅಡಿಕೆ, ಅರಿಸಿನ-ಕುಂಕುಮದ ಪೊಟ್ಟಣ, ನಾಣ್ಯ ಇಷ್ಟಕ್ಕೆ ಸಾಕು. ತೆಂಗಿನಕಾಯಿ ಹಿಡಿಸದು.

ಅಗಲಕ್ಕೆ ಎರಡೂ ಪಕ್ಕದಲ್ಲಿ ಅರ್ಧರ್ಧ ಇಂಚು ಮಾರ್ಜಿನ್ ಸೇರಿಸಿದರೆ 6 ಇಂಚು. ಎತ್ತರಕ್ಕೆ ತಳದ ಮಾರ್ಜಿನ್ ಅರ್ಧ ಇಂಚು, ಬಾಯಿಯಲ್ಲಿ ಒಳಗೆ ಮಡಿಸಲು 2 ಇಂಚು, ಆ ಮಡಿಕೆಯ ಕೊನೆಯನ್ನು ಒಳಗೆ ಸೇರಿಸಲು ಇನ್ನರ್ಧ ಇಂಚು. ಒಟ್ಟು 10 ಇಂಚು. ಹಾಗಾಗಿ ಒಂದು ಸಂಚಿಗೆ 6 × 10 ಇಂಚಿನ ಎರಡು ತುಂಡು.

ಮಾರ್ಜಿನ್ ಕಾಲು ಇಂಚು ಸಾಲದೇ ಎಂದು ಕೇಳಬಹುದು. ಗಟ್ಟಿ ಕಾಟನ್ನಿಗೆ ಸಾಕು. ಖಣದ ಎಳೆ ನುಣುಪು, ಕತ್ತರಿಸಿದ ಕಡೆಯಿಂದ ಬೇಗ ಬಿಚ್ಚಿಕೊಳ್ಳುತ್ತದೆ. ಕಾಲು ಇಂಚು ಬಿಟ್ಟರೆ ನಾಲ್ಕು ಸಲ ಲಾಡಿ ಎಳೆಯುವುದರೊಳಗೆ ಎಳೆಗಳು ಹೊಲಿಗೆಯವರೆಗೆ ಜಾರಿ ಬರುತ್ತವೆ. ಅರ್ಧ ಇಂಚು ಬಿಟ್ಟು ಅಂಚನ್ನು ಕಟ್ಟಿದರೆ ಆ ಭಯವಿಲ್ಲ.

ಖಣವನ್ನು ಹಂಚುವುದು

ಖಣದ ಚೆಲುವು ಅದರ ಎರಡು ಅಂಚುಗಳಲ್ಲಿದೆ. ಈ ಖಣದಲ್ಲಿ ಅವು ಒಂದೂವರೆ ಇಂಚು ಅಗಲ ಇವೆಯಂತೆ. ಅಂಚನ್ನು ಸಂಚಿಯ ಬಾಯಿಗೆ ಕೊಟ್ಟರೆ ಅದೆಲ್ಲ ಒಳಮಡಿಕೆಗೆ ಹೋಗಿ ಕಾಣದಾಗುತ್ತದೆ. ತಳಕ್ಕೆ ಕೊಡಿ. ಅರ್ಧ ಇಂಚು ಹೊಲಿಗೆಗೆ ಹೋದರೂ ಒಂದು ಇಂಚು ಹೊರಗೆ ಕಾಣುತ್ತದೆ. ನೇಯ್ಗೆಯಲ್ಲೇ ಬಂದ ಅಂಚಾದ್ದರಿಂದ ತಳದಲ್ಲಿ ಎಳೆಯೂ ಬಿಚ್ಚುವುದಿಲ್ಲ.

ಅಂದರೆ ತುಂಡಿನ 10 ಇಂಚು ಖಣದ ಅಗಲದ ಕಡೆಗೆ, 6 ಇಂಚು ಉದ್ದದ ಕಡೆಗೆ ಬರಬೇಕು. 33 ಇಂಚು ಉದ್ದದಲ್ಲಿ ಆರಾರು ಇಂಚಿನ ಐದು ತುಂಡು ಬಂದು 3 ಇಂಚು ಉಳಿಯುತ್ತದೆ. ಎಡ ಅಂಚಿನಿಂದ ಐದು, ಬಲ ಅಂಚಿನಿಂದ ಐದು, ನಡುವೆ ಅಂಚಿಲ್ಲದ ಐದು, ಒಟ್ಟು ಹದಿನೈದು. ಎರಡು ಮುಖವೂ ಖಣದ್ದೇ ಆದರೆ ಏಳೇ ಸಂಚಿ.

ಹತ್ತು ಬೇಕಿದ್ದರೆ ದಾರಿ ಇದೆ. ಅಂಚಿರುವ ಹತ್ತು ತುಂಡುಗಳನ್ನು ಹತ್ತು ಸಂಚಿಗೆ ಮುಂಭಾಗ ಮಾಡಿ. ಹಿಂಭಾಗಕ್ಕೆ ಖಣದ ಬಣ್ಣಕ್ಕೆ ಒಪ್ಪುವ ಸಾದಾ ಕಾಟನ್ ಹಾಕಿ. 36 ಇಂಚು ಅಗಲದ ಬಟ್ಟೆಯಲ್ಲಿ ಒಂದು ಸಾಲಿಗೆ ಆರು ತುಂಡು ಬರುತ್ತವೆ, ಎರಡು ಸಾಲಿಗೆ 20 ಇಂಚು ಬೇಕು. ಅರ್ಧ ಮೀಟರ್ ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ, 60 ಸೆಂಟಿಮೀಟರ್ ತನ್ನಿ. ಒಗೆದು ಒಣಗಿಸಿಯೇ ಕತ್ತರಿಸಿ. ಇಲ್ಲದಿದ್ದರೆ ಮುಂದೆ ಒಗೆದಾಗ ಹಿಂಭಾಗ ಮಾತ್ರ ಕುಗ್ಗಿ ಸಂಚಿ ಸೊಟ್ಟಗಾಗುತ್ತದೆ.

ಹೀಗೆ ಮಾಡಿದರೆ ಖಣದ ನಡುವಿನ 11 ಇಂಚಿನ ಪಟ್ಟಿಗೆ ಕತ್ತರಿ ತಾಗುವುದೇ ಇಲ್ಲ. ಅದು ಪೂರ್ತಿ 33 ಇಂಚು ಉದ್ದಕ್ಕೆ ನಿಮ್ಮ ಬಳಿಯೇ ಉಳಿಯುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಖಣದ ಬುಟ್ಟಿಗಳಿಗೆ ತಲೆ-ಬುಡ ಇದ್ದರೆ ಈ ಹಂಚಿಕೆಯಲ್ಲಿ ಅವು ಮಲಗಿದಂತೆ ಕಾಣಬಹುದು. ಪೇಪರಿನಲ್ಲಿ 6 × 10 ಇಂಚಿನ ಕಿಟಕಿ ಕತ್ತರಿಸಿ ಖಣದ ಮೇಲಿಟ್ಟು ನೋಡಿ. ಹಿಡಿಸದಿದ್ದರೆ ಅಂಚಿನ ಆಸೆ ಬಿಟ್ಟು ತುಂಡುಗಳನ್ನು ಉದ್ದಕ್ಕೆ ತಿರುಗಿಸಿ. ಹಳೆಯ ಖಣ ಬಣ್ಣ ಬಿಡುತ್ತದೆಯೇ ಎಂದೂ ನೋಡಿಕೊಳ್ಳಿ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಬಿಟ್ಟರೆ ಹಿಂಭಾಗಕ್ಕೆ ತಿಳಿ ಬಣ್ಣ ಬೇಡ.

ಬೇಕಾದ ಸಾಮಾನು

ಒಂದು ಸಂಚಿಗೆ 6 × 10 ಇಂಚಿನ ತುಂಡು ಎರಡು, 18 ಇಂಚಿನ ಲಾಡಿ ಎರಡು. ಹತ್ತು ಸಂಚಿಗೆ ಲಾಡಿ 360 ಇಂಚು, ಅಂದರೆ 9 ಮೀಟರಿಗಿಂತ ತುಸು ಹೆಚ್ಚು. 10 ಮೀಟರ್ ಕೊಳ್ಳಿ. 3 ಮಿಲಿಮೀಟರ್ ದಪ್ಪದ ದುಂಡು ದಾರ ಚೆನ್ನಾಗಿ ಜಾರುತ್ತದೆ. ಪುಣೆಯ ತುಳಶೀಬಾಗ್, ಮುಂಬಯಿಯ ದಾದರ್, ದಿಲ್ಲಿಯ ಕಿನಾರಿ ಬಜಾರ್ ಕಡೆ ಇದು ಸುಲಭವಾಗಿ ಸಿಗುತ್ತದೆ. ಇನ್ನು ಟೇಪು, ಚಾಕ್, ಗುಂಡುಸೂಜಿ, ಒಂದು ಸೇಫ್ಟಿ ಪಿನ್, ಇಸ್ತ್ರಿ.

ಹೊಲಿಯುವ ಕ್ರಮ

1. ಬಟ್ಟೆಗೆ ಇಸ್ತ್ರಿ ಮಾಡಿ, ಚಾಕಿನಲ್ಲಿ ಗೆರೆ ಎಳೆದು, ತುಂಡುಗಳನ್ನು ಕತ್ತರಿಸಿ. ಖಣಕ್ಕೆ ಉಲ್ಟಾ ಬದಿಯಿಂದ, ಮೇಲೆ ತೆಳು ಬಟ್ಟೆ ಹಾಸಿ, ಮಧ್ಯಮ ಬಿಸಿಯಲ್ಲಿ ಇಸ್ತ್ರಿ ಮಾಡಿ.

2. ಎರಡೂ ತುಂಡುಗಳ ಪಕ್ಕದ ಅಂಚುಗಳಿಗೆ, ಕಾಟನ್ ತುಂಡಿನ ತಳಕ್ಕೂ ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹಾಕಿ. ಅದಿಲ್ಲದಿದ್ದರೆ ಕೈಯಲ್ಲೇ ಅಂಚನ್ನು ಸುತ್ತಿ ಹೊಲಿಯಿರಿ.

3. ಉಲ್ಟಾ ಬದಿಯಲ್ಲಿ, ಮೇಲಿನ ಕತ್ತರಿಸಿದ ಅಂಚಿನಿಂದ 2½ ಇಂಚು ಕೆಳಗೆ ಅಡ್ಡ ಗೆರೆ ಎಳೆಯಿರಿ. ಇದು ಮಡಿಕೆಯ ಗೆರೆ. ಎರಡೂ ಪಕ್ಕದಲ್ಲಿ 3½ ಇಂಚಿಗೊಂದು, 4¼ ಇಂಚಿಗೊಂದು ಚುಕ್ಕೆ ಇಡಿ. ಈ ಎರಡು ಚುಕ್ಕೆಗಳ ನಡುವಿನ ಮುಕ್ಕಾಲು ಇಂಚೇ ಲಾಡಿಯ ಬಾಗಿಲು.

4. ಸೀದಾ ಬದಿಗಳು ಎದುರುಬದುರಾಗುವಂತೆ ತುಂಡುಗಳನ್ನು ಇಟ್ಟು ಗುಂಡುಸೂಜಿ ಚುಚ್ಚಿ. ಅರ್ಧ ಇಂಚು ಮಾರ್ಜಿನ್ ಬಿಟ್ಟು ಮೇಲಿನಿಂದ 3½ ಇಂಚಿನ ಚುಕ್ಕೆವರೆಗೆ ಹೊಲಿದು, ಎರಡು ಹೊಲಿಗೆ ಹಿಂದಕ್ಕೆ ಹಾಕಿ ದಾರ ಕತ್ತರಿಸಿ. 4¼ ಇಂಚಿನ ಚುಕ್ಕೆಯಿಂದ ಮತ್ತೆ ಶುರು ಮಾಡಿ ಪಕ್ಕ, ತಳ, ಇನ್ನೊಂದು ಪಕ್ಕ ಹೊಲಿಯಿರಿ. ಆ ಪಕ್ಕದಲ್ಲೂ ಬಾಗಿಲನ್ನು ಹಾಗೆಯೇ ಬಿಡಿ. ಎಲ್ಲಿ ನಿಲ್ಲಿಸಿದರೂ, ಎಲ್ಲಿ ಶುರು ಮಾಡಿದರೂ ಹಿಂದಕ್ಕೆ ಎರಡು ಹೊಲಿಗೆ ಇರಲಿ.

5. ತಳದ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿ. ಹೊಲಿಗೆಗೆ ಕತ್ತರಿ ತಾಗಬಾರದು.

6. ಪಕ್ಕದ ಮಾರ್ಜಿನ್ನುಗಳನ್ನು ಬಿಡಿಸಿ ಎರಡು ಕಡೆಗೂ ಮಲಗಿಸಿ ಇಸ್ತ್ರಿ ಒತ್ತಿ. ಬಾಗಿಲಿನ ಸುತ್ತ, ಮಲಗಿದ ಮಾರ್ಜಿನ್ನನ್ನು ಬಟ್ಟೆಗೆ ಸೇರಿಸಿ ಕೈಯಲ್ಲಿ ಸಣ್ಣ ಹೊಲಿಗೆ ಹಾಕಿ.

7. ಬಾಯಿಯ ಅಂಚನ್ನು ಅರ್ಧ ಇಂಚು ಉಲ್ಟಾ ಬದಿಗೆ ಮಡಿಸಿ ಒತ್ತಿ. ಆಮೇಲೆ 2½ ಇಂಚಿನ ಗೆರೆಯ ಮೇಲೆ ಮತ್ತೆ ಮಡಿಸಿ ಒತ್ತಿ. ಈಗ ಒಳಮಡಿಕೆ 2 ಇಂಚು ಆಗಿರುತ್ತದೆ.

8. ಸಂಚಿಯನ್ನು ಸೀದಾ ಮಾಡಿ. ಬಾಯಿಯಿಂದ 1 ಇಂಚಿಗೆ ಒಂದು, 1¾ ಇಂಚಿಗೆ ಒಂದು, ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿ. ಮೆಷಿನ್ನಿನ ಪಾದ ಸಂಚಿಯ ಬಾಯೊಳಗೆ ಇಳಿದು ಒಳಮಡಿಕೆಯ ಮೇಲೆ ಕೂರಲಿ. ಹಾಗಾದರೆ ಹಿಂದಿನ ಪದರ ಸಿಕ್ಕಿಹಾಕಿಕೊಳ್ಳುವುದಿಲ್ಲ.

9. ಸೇಫ್ಟಿ ಪಿನ್ನಿಗೆ ಮೊದಲ ಲಾಡಿ ಸಿಕ್ಕಿಸಿ ಎಡ ಬಾಗಿಲಿನಿಂದ ಒಳಗೆ ಬಿಡಿ. ಪೂರ್ತಿ ಸುತ್ತು ಹಾಕಿ ಎಡ ಬಾಗಿಲಿನಿಂದಲೇ ಹೊರಗೆ ತೆಗೆಯಿರಿ. ಎರಡನೆಯದು ಬಲದಿಂದ ಹೋಗಿ ಬಲಕ್ಕೇ ಬರಲಿ.

10. ಆಯಾ ಪಕ್ಕದ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿ. ಎರಡು ಕಡೆಯ ಗಂಟು ಹಿಡಿದು ಎಳೆದರೆ ಬಾಯಿ ಮುಚ್ಚುತ್ತದೆ.

ಎಲ್ಲಿ ಕೆಡುತ್ತದೆ

ಈ ಸಂಚಿ ಕೆಟ್ಟರೆ ಹೆಚ್ಚಾಗಿ ಬಾಗಿಲಿನಲ್ಲೇ ಕೆಡುತ್ತದೆ. ಬಾಗಿಲು ಮಡಿಕೆಯ ಗೆರೆಗಿಂತ ಕೆಳಗಿರಬೇಕು. ಗೆರೆಗಿಂತ ಮೇಲೆ ಬಿಟ್ಟಿದ್ದರೆ, ಮಡಿಸಿದಾಗ ಅದು ಸಂಚಿಯ ಒಳಗೆ ಹೋಗುತ್ತದೆ. ಹೊರಗಿನಿಂದ ಲಾಡಿ ತೂರಿಸಲು ಜಾಗವೇ ಇರುವುದಿಲ್ಲ. ಇದು ಎಂಟನೇ ಹಂತದ ಮೇಲೆ ಗೊತ್ತಾದರೆ ಎರಡೂ ಸಾಲು ಬಿಚ್ಚಬೇಕು, ಹಳೆ ಖಣದಲ್ಲಿ ಸೂಜಿಯ ತೂತು ಉಳಿದುಬಿಡುತ್ತದೆ. ಆದ್ದರಿಂದ ಏಳನೇ ಹಂತ ಮುಗಿದ ಕೂಡಲೇ ಹೊರಗಿನಿಂದ ಟೇಪು ಹಿಡಿಯಿರಿ. ಬಾಗಿಲು ಬಾಯಿಯಿಂದ ಸರಿಯಾಗಿ 1 ಇಂಚಿಗೆ ಶುರುವಾಗಿ 1¾ ಇಂಚಿಗೆ ಮುಗಿಯಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ, ಪಕ್ಕದ ಹೊಲಿಗೆಯನ್ನು ಅಲ್ಲೇ ಸರಿಮಾಡಿ.

ಲಾಡಿ ತೂರಿಸುವಾಗ ಪಿನ್ನು ಪಕ್ಕದಲ್ಲಿ ಸಿಕ್ಕಿ ನಿಂತರೆ, ಅದು ಸಡಿಲ ಮಾರ್ಜಿನ್ನಿನ ಕೆಳಗೆ ನುಗ್ಗಿದೆ ಎಂದು ತಿಳಿಯಿರಿ. ಬಲವಂತ ಮಾಡಿದರೆ ಬಟ್ಟೆ ಹರಿಯುತ್ತದೆ. ಹಿಂದಕ್ಕೆ ತೆಗೆದು, ಆ ಮಾರ್ಜಿನ್ನಿಗೆ ಎರಡು ಕೈಹೊಲಿಗೆ ಹಾಕಿ ಮತ್ತೆ ತೂರಿಸಿ. ಆರನೇ ಹಂತದ ಕೈಹೊಲಿಗೆಯನ್ನು ಬಿಡಬೇಡಿ ಎನ್ನುವುದು ಇದಕ್ಕೇ.

ಬಾಯಿ ಒಂದೇ ಕಡೆಗೆ ಜಗ್ಗಿ ಮುಚ್ಚುತ್ತಿದ್ದರೆ ಎರಡೂ ಲಾಡಿ ಒಂದೇ ಬಾಗಿಲಿನಿಂದ ಹೊರಬಂದಿವೆ. ಒಂದನ್ನು ಎಳೆದು ತೆಗೆದು ಇನ್ನೊಂದು ಕಡೆಯಿಂದ ಹಾಕಿ.

ಮೊದಲ ಸಂಚಿಯನ್ನು ಹಳೆ ಬೆಡ್‌ಶೀಟಿನ ತುಂಡಿನಲ್ಲಿ, ಇದೇ ಅಳತೆಗೆ ಹೊಲಿಯಿರಿ. ಖಾಲಿ ಸಂಚಿಯನ್ನು ಚಪ್ಪಟೆಯಾಗಿ ಮಲಗಿಸಿ ಅಗಲ ಅಳೆಯಿರಿ. 5 ಇಂಚು ಬಂದರೆ ನಿಮ್ಮ ಮೆಷಿನ್ನಿನಲ್ಲಿ ಅರ್ಧ ಇಂಚು ಸರಿಯಾಗಿ ಹೊಲಿಯುತ್ತಿದ್ದೀರಿ. 4½ ಬಂದರೆ ಪ್ರತಿ ಪಕ್ಕದಲ್ಲಿ ಕಾಲು ಇಂಚು ಹೆಚ್ಚು ಹಿಡಿಯುತ್ತಿದ್ದೀರಿ. ಸೂಜಿಯಿಂದ ಅರ್ಧ ಇಂಚು ದೂರಕ್ಕೆ ಮೆಷಿನ್ನಿನ ತಟ್ಟೆಯ ಮೇಲೆ ಒಂದು ಟೇಪು ಅಂಟಿಸಿ, ಬಟ್ಟೆಯ ಅಂಚು ಅದರ ಪಕ್ಕಕ್ಕೇ ಓಡಲಿ.

ಬೇರೆ ಅಳತೆ ಬೇಕೆಂದರೆ, ಬೇಕಾದ ಅಗಲಕ್ಕೆ 1 ಇಂಚು, ಬೇಕಾದ ಎತ್ತರಕ್ಕೆ 3 ಇಂಚು ಸೇರಿಸಿ ಕತ್ತರಿಸಿ. ಒಂದೊಂದು ಲಾಡಿಯೂ ಅಗಲದ ಎರಡರಷ್ಟಕ್ಕೆ 8 ಇಂಚು ಸೇರಿಸಿದಷ್ಟಿರಲಿ. ತೆಂಗಿನಕಾಯಿಗೆ 8 × 11 ಇಂಚಿನ ಸಂಚಿ ಆದೀತು. ತುಂಡು 9 × 14, ಲಾಡಿ 24 ಇಂಚು. ಮಡಿಕೆಯ ಗೆರೆ, ಬಾಗಿಲಿನ ಚುಕ್ಕೆಗಳು ಮೇಲಿನಿಂದಲೇ ಅಳೆಯುವುದರಿಂದ ಯಾವ ಸಂಚಿಗೂ ಅವು ಬದಲಾಗುವುದಿಲ್ಲ: 2½, 3½, 4¼. ಈ ಮೂರನ್ನು ಮೆಷಿನ್ನಿನ ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟುಕೊಳ್ಳಿ.