‘ಈಗ ಬೇಡ’ ಅಂದ್ರೆ ‘ಬೇಡ’ ಅಂತಲ್ಲ

ನಮ್ಮ ಮನೆಗಳಲ್ಲಿ ‘ಬೇಡ’ ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಹುಡುಗಿ ನೋಡೋಕೆ ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು ‘ಫೋನ್ ಮಾಡ್ತೀವಿ’ ಅಂತ ಎದ್ದು ಹೋಗ್ತಾರೆ. ವಾರ ಬಿಟ್ಟು ‘ಜಾತಕ ಕೂಡಿ ಬರಲಿಲ್ಲ’ ಅಂತ ಸುದ್ದಿ ಬರುತ್ತೆ. ವಿಷಯ ಜಾತಕದ್ದಲ್ಲ ಅಂತ ಎರಡೂ ಮನೆಯವರಿಗೆ ಗೊತ್ತು. ಯಾರ ಮರ್ಯಾದೆಯೂ ಹೋಗಲಿಲ್ಲ, ಕಥೆ ಮುಗೀತು.

ಇದೇ ಜಾಣತನವನ್ನ ನಾವು ಗೆಳೆತನದೊಳಗೂ ತಂದಿದ್ದೀವಿ. ನನ್ನ ತಕರಾರು ಇರೋದು ಅಲ್ಲೇ. ಜಾತಕ ಬರೀ ನೆಪ ಅಂತ ಇಬ್ಬರಿಗೂ ಗೊತ್ತಿರುತ್ತೆ. ಆದರೆ ಆರು ವರ್ಷದ ಗೆಳೆಯ ‘ನೀನು ನಂಗೆ ಬರೀ ಫ್ರೆಂಡ್ ಅಲ್ಲ’ ಅಂದಾಗ ನೀವು ಹೇಳೋ ನೆಪವನ್ನ ಅವನು ನಿಜ ಅಂತಲೇ ನಂಬ್ತಾನೆ. ಯಾಕಂದ್ರೆ ಅಷ್ಟೂ ವರ್ಷ ನೀವು ಅವನಿಗೆ ನಿಜಾನೇ ಹೇಳಿದ್ದೀರಿ.

ಈ ತಪ್ಪನ್ನ ನಾನೇ ಮಾಡಿದ್ದೀನಿ. ಆಫೀಸಿಂದ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗ್ತಾ ಅವನು ಹೇಳಿಬಿಟ್ಟ. ನನಗೆ ಅವನ ಮೇಲೆ ಅಂಥ ಭಾವನೆ ಇಲ್ಲ ಅನ್ನೋದು ಆ ಕ್ಷಣಾನೇ ಗೊತ್ತಿತ್ತು. ಬಾಯಿಗೆ ಬಂದದ್ದು ಮಾತ್ರ ಬೇರೆ: ‘ಈಗ ಕೆಲಸ ಬಿಟ್ಟು ಬೇರೇನೂ ಯೋಚನೆ ಮಾಡೋಕಾಗ್ತಿಲ್ಲ ಕಣೋ. ಮನೇಲೂ ಒಪ್ಪಲ್ಲ. ನಿನ್ನಂಥವನು ಸಿಗೋಕೆ ಪುಣ್ಯ ಮಾಡಿರಬೇಕು.’

‘ಈಗ’ ಅಂದೆ, ಅವನು ಕಾದ. ‘ಮನೇಲಿ ಒಪ್ಪಲ್ಲ’ ಅಂದೆ, ಅವನು ಹಬ್ಬಕ್ಕೆ ಮನೆಗೆ ಬಂದು ಅಮ್ಮನ ಹತ್ರ ಸಲಿಗೆ ಬೆಳೆಸಿಕೊಂಡ, ಅಪ್ಪನ ಕಣ್ಣಿನ ಆಪರೇಷನ್‌ಗೆ ಓಡಾಡಿದ. ‘ಪುಣ್ಯ’ ಅಂದೆ, ಒಳಗೊಳಗೆ ನನಗೂ ಇಷ್ಟ ಇದೆ ಅಂದುಕೊಂಡ. ಎಂಟು ತಿಂಗಳಾದ ಮೇಲೆ, ನನಗೆ ಪ್ರಮೋಷನ್ ಆದ ದಿನ, ‘ಈಗಲಾದ್ರೂ ಮಾತಾಡೋಣ್ವಾ?’ ಅಂದ. ಆಗ ‘ಇಲ್ಲ’ ಅಂದೆ. ‘ಅವತ್ತೇ ಯಾಕೆ ಹೇಳ್ಲಿಲ್ಲ?’ ಅಂತ ಕೇಳಿದ.

ಅವನಿಗೆ ನೋವಾಗಬಾರದು ಅಂತ ಸುಮ್ಮನಿದ್ದೆ ಅಂತ ಹೇಳೋಕೆ ಹೊರಟೆ. ಅದೂ ಸುಳ್ಳು. ಅವನ ಮುಖ ಬಾಡೋದನ್ನ ನೋಡೋ ಧೈರ್ಯ ನನಗಿರಲಿಲ್ಲ, ಅಷ್ಟೇ.

1993ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಒಮ್ಮುಖ ಪ್ರೀತಿಯ ಎರಡೂ ಕಡೆಯವರ ಅನುಭವಗಳನ್ನ ಬರೆಸಿ ಅಧ್ಯಯನ ಮಾಡಿದ್ದರು. ಪ್ರೀತಿಸಿದವರಿಗೆ ಏನು ಮಾಡಬೇಕು ಅಂತ ಹೇಳಿಕೊಡೋ ಕಥೆಗಳು ಬೇಕಾದಷ್ಟಿವೆ, ನಿರಾಕರಿಸೋರಿಗೆ ಅಂಥ ಮಾದರಿಯೇ ಇಲ್ಲ, ಜೊತೆಗೆ ತಪ್ಪಿತಸ್ಥ ಭಾವನೆ ಬೇರೆ ಅಂತ ಅವರು ಗುರುತಿಸಿದರು. ನಮ್ಮ ಸಿನಿಮಾಗಳನ್ನೇ ನೋಡಿ. ಹಿಂದೆ ಬೀಳೋದು ಹೇಗೆ ಅಂತ ಎಷ್ಟು ಹಾಡುಗಳಿಲ್ಲ? ‘ಬೇಡ’ ಅನ್ನೋದು ಹೇಗೆ ಅಂತ ಒಂದಾದ್ರೂ ಇದೆಯಾ?

ಈಗಾದ್ರೆ ನಾನು ಇಷ್ಟೇ ಹೇಳ್ತಿದ್ದೆ: ‘ಇದನ್ನ ಹೇಳೋಕೆ ನಿಂಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ಗೊತ್ತು. ನಂಗೆ ನಿನ್ನ ಮೇಲೆ ಆ ಥರದ ಪ್ರೀತಿ ಇಲ್ಲ. ಮುಂದೆ ಬರುತ್ತೆ ಅಂತಾನೂ ಅನ್ಸಲ್ಲ. ನೀನು ಕಾಯಬೇಡ.’ ಆಮೇಲೆ ಸುಮ್ಮನಿರಬೇಕು. ಕಾರಣ ಕೇಳಿದರೆ ಪಟ್ಟಿ ಕೊಡಬೇಡಿ. ಕಾರಣ ಕೊಟ್ಟರೆ ಅದು ಬಗೆಹರಿಸಬೇಕಾದ ಸಮಸ್ಯೆ ಆಗುತ್ತೆ, ಅವನು ಬಗೆಹರಿಸೋಕೆ ಹೊರಡ್ತಾನೆ. ನಿಮ್ಮ ಮನಸ್ಸೇ ನಿಮಗೆ ಗೊತ್ತಿಲ್ಲದಿದ್ದರೆ ಮಾತ್ರ ಸಮಯ ಕೇಳಿ, ಅದೂ ದಿನ ಹೇಳಿ. ‘ಭಾನುವಾರ ಹೇಳ್ತೀನಿ’ ಅಂದ್ರೆ ಭಾನುವಾರ ಹೇಳಲೇಬೇಕು.

‘ಇಷ್ಟು ಖಡಕ್ಕಾಗಿ ಹೇಳಿದ್ರೆ ಫ್ರೆಂಡ್‌ಶಿಪ್ಪೇ ಹೋಗುತ್ತಲ್ಲ?’ ಅಂತೀರಿ. ಹೋಗಬಹುದು. ಅದಕ್ಕೇ ನಾವು ಅಲ್ಲೇ ನಿಂತು ‘ಮೊದಲಿನ ಥರಾನೇ ಇರೋಣ, ಪ್ರಾಮಿಸ್?’ ಅಂತ ಮಾತು ತಗೋತೀವಿ. ಈಗಷ್ಟೇ ಪೆಟ್ಟು ತಿಂದವನಿಂದ ಸಮಾಧಾನವನ್ನೂ ಕಿತ್ಕೊಳ್ಳೋದು ಅಂದ್ರೆ ಇದೇ. ದೂರ ಇರಬೇಕೋ, ಎಷ್ಟು ದಿನ ಇರಬೇಕೋ ಅವನೇ ತೀರ್ಮಾನಿಸಲಿ. ಅವನು ಮೆಸೇಜ್ ಮಾಡದಿದ್ದರೆ ನೀವು ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ?’ ಅಂತ ಕೇಳಬೇಡಿ. ಅವನ ಮಾತನ್ನ ಸ್ಕ್ರೀನ್‌ಶಾಟ್ ಮಾಡಿ ಗೆಳತಿಯರಿಗೆ ಕಳಿಸಬೇಡಿ. ಹೌದು, ಸ್ಪಷ್ಟವಾಗಿ ಹೇಳಿದ ಮೇಲೂ ಬೆನ್ನು ಬಿಡದವನ ವಿಷಯ ಬೇರೆ. ಅಲ್ಲಿ ಮೃದು ಮಾತು ಸಾಕು, ನಾಲ್ಕು ಜನಕ್ಕೆ ತಿಳಿಸಿ.

ನನ್ನ ಗೆಳೆಯ ಬೆನ್ನು ಬೀಳಲಿಲ್ಲ. ಮಾತೇ ಬಿಟ್ಟ. ಅಮ್ಮ ಈಗಲೂ ಕೇಳ್ತಾಳೆ, ‘ಆ ಹುಡುಗ ಯಾಕೇ ಬರೋದೇ ನಿಲ್ಲಿಸಿಬಿಟ್ಟ?’ ಅಂತ. ‘ಕೆಲಸ ಜಾಸ್ತಿಯಂತೆ ಅಮ್ಮ’ ಅಂತೀನಿ.

ನೋಡಿ, ಮತ್ತೆ ನೆಪ.