ಎರಡೇ ಮೆಟ್ಟಿಲು ಸಾರ್!

ಪೇಪರಿನಲ್ಲಿ ಬರುವ ಕೆಲಸದ ಜಾಹೀರಾತಿನ ಕೊನೆಯ ಸಾಲು ನೋಡಿದ್ದೀರಾ? "ನಮ್ಮದು ಸಮಾನ ಅವಕಾಶ ನೀಡುವ ಸಂಸ್ಥೆ". ಇತ್ತೀಚೆಗೆ ಆ ಸಾಲು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಮ್ಮ ಅಕ್ಕನ ಮಗಳು ಹುಬ್ಬಳ್ಳಿಯವಳು. ಬಿ.ಕಾಂ. ಮುಗಿಸಿದ್ದಾಳೆ, ಟ್ಯಾಲಿ ಚೆನ್ನಾಗಿ ಗೊತ್ತು. ಸ್ಕೂಟರ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಈಗ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಕೆಲಸ ಹುಡುಕಲು ಮುಂಬಯಿಗೆ, ನಮ್ಮ ಮನೆಗೆ ಬಂದಳು. ಅಂಧೇರಿಯ ಒಂದು ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ನಾನೇ ಫೋನ್ ಮಾಡಿ ಕೇಳಿದೆ, "ಗಾಲಿಕುರ್ಚಿಗೆ ಅನುಕೂಲ ಇದೆಯಾ?" "ಎಲ್ಲಾ ಇದೆ ಸಾರ್" ಅಂದರು. ಹೋಗಿ ನೋಡಿದರೆ ಲಿಫ್ಟಿನ ಮುಂದೆ ಎರಡು ಮೆಟ್ಟಿಲು. ವಾಚ್‌ಮನ್ ನಗುತ್ತಾ, "ಎರಡೇ ಮೆಟ್ಟಿಲು ಸಾರ್, ಇಬ್ಬರು ಹುಡುಗರು ಎತ್ತಿ ಇಡುತ್ತಾರೆ" ಅಂದ. ಮೇಲೆ ಹೋದ ಮೇಲೆ ಅಂಗವಿಕಲರ ಟಾಯ್ಲೆಟ್ ಎಲ್ಲಿ ಅಂತ ಕೇಳಿದೆವು. ಬೋರ್ಡ್ ಇತ್ತು, ಬೀಗವೂ ಇತ್ತು. ಒಳಗೆ ಹಳೆಯ ಫೈಲು, ಫಿನಾಯಿಲ್ ಡಬ್ಬಿ.

ವಾಪಸ್ ಬರುವಾಗ ಹುಡುಗಿ ಕೇಳಿದ್ದು ಒಂದೇ ಮಾತು: "ಮಾಮಾ, ನನ್ನ ಎತ್ತಲಿಕ್ಕೆ ಇಬ್ರು ಬೇಕಂದ್ರ, ದಿನಾ ಇಬ್ರೂ ಇರ್ತಾರೇನು?"

ತಪ್ಪು ನನ್ನದೂ ಇತ್ತು. "ಅನುಕೂಲ ಇದೆಯಾ" ಅಂತ ಕೇಳಿದರೆ ಯಾವನಾದರೂ ಇದೆ ಅಂತಲೇ ಹೇಳುತ್ತಾನೆ. ಕೇಳಬೇಕಾದದ್ದು ಅಳತೆ. ಗೇಟಿನಿಂದ ಕೂರುವ ಜಾಗದವರೆಗೆ ಎಷ್ಟು ಮೆಟ್ಟಿಲು? ರ‍್ಯಾಂಪ್ ಇದ್ದರೆ ಉದ್ದ ಎಷ್ಟು, ಎತ್ತರ ಎಷ್ಟು? ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು, ಇದು ನಮ್ಮ ದೇಶದ ನಿಯಮವೇ. ಆಮೇಲೆ ಟಾಯ್ಲೆಟ್. ಗಾಲಿಕುರ್ಚಿಯ ಅಗಲವೇ ಸುಮಾರು 25-26 ಇಂಚು. ಮಾಮೂಲಿ ಟಾಯ್ಲೆಟ್ಟಿನ 24 ಇಂಚಿನ ಬಾಗಿಲಲ್ಲಿ ಅದು ತೂರುವುದೇ ಇಲ್ಲ. ನಿಯಮದ ಪ್ರಕಾರ ಬೇಕಾದದ್ದು 900 ಮಿಲಿಮೀಟರ್, ಅಂದರೆ ಹೆಚ್ಚುಕಮ್ಮಿ ಮೂರಡಿ, ಅದೂ ಬಾಗಿಲು ತೆರೆದಾಗ ಉಳಿಯುವ ಜಾಗ. ಚೌಕಟ್ಟಿನ ಅಳತೆ ಹೇಳಿ ಸಾಗಹಾಕುತ್ತಾರೆ, ಹುಷಾರು. ಬಾಗಿಲು ಒಳಕ್ಕೆ ತೆರೆದರೆ ಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲಿಕ್ಕೇ ಆಗದು. ಕುರ್ಚಿ ತಿರುಗಲು ಒಳಗೆ ಐದಡಿ ಜಾಗ, ಕಮೋಡಿನ ಪಕ್ಕದಲ್ಲಿ ಕುರ್ಚಿ ನಿಲ್ಲಿಸಲು ಮೂರಡಿ ಬೇಕು. ಬೀಗದ ಕೈ ಯಾರ ಹತ್ತಿರ ಅನ್ನುವುದನ್ನೂ ಮರೆಯದೆ ಕೇಳಿ.

"ಮೊದಲೇ ಇಷ್ಟೆಲ್ಲ ಕೇಳಿದರೆ ಕರೆಯುವುದೇ ಇಲ್ಲ" ಅಂತ ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ಹೇಳಿದರು. ಅರ್ಜಿಯಲ್ಲೇ ಕೇಳಿ ಅಂತ ನಾನೂ ಹೇಳುವುದಿಲ್ಲ. ಇಂಟರ್‌ವ್ಯೂ ಕರೆ ಬಂದ ಮೇಲೆ, ಹೋಗುವ ಮೊದಲು, ಈಮೇಲಿನಲ್ಲಿ ಕೇಳಿ. ಬರಹದಲ್ಲಿ ಉತ್ತರ ಕೊಡಬೇಕಾದವನು ಎದ್ದು ಹೋಗಿ ಟೇಪು ಹಿಡಿಯುತ್ತಾನೆ. ಕೇಳಿದ್ದಕ್ಕೇ ಕರೆ ರದ್ದಾದರೆ, ಎತ್ತಿ ಇಡಿಸಿಕೊಳ್ಳುವ ಅವಮಾನವಾದರೂ ತಪ್ಪಿತು.

ಅದೇ ಹಿರಿಯರದು ಇನ್ನೊಂದು ವಾದ: "ಸರ್ಕಾರಿ ಕೋಟಾ ಇದೆಯಲ್ಲ!" ಇದೆ ಸ್ವಾಮಿ. 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಸಂಸ್ಥೆಗಳಲ್ಲಿ ಶೇಕಡಾ 4, ಅದರಲ್ಲಿ ಕೈಕಾಲಿನ ಅಂಗವೈಕಲ್ಯದವರ ಪಾಲಿಗೆ 1. ಖಾಸಗಿಯವರಿಗೆ ಆ ಕಡ್ಡಾಯವಿಲ್ಲ. ಆದರೆ ಅದೇ ಕಾಯ್ದೆಯ 21ನೇ ಕಲಮು ಖಾಸಗಿಯವರಿಗೂ ಅನ್ವಯ. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದರೆ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. ಯಾವ ಹುದ್ದೆಗಳು ಸೂಕ್ತ, ಕಟ್ಟಡದಲ್ಲಿ ಏನು ಅನುಕೂಲ, ಹೊಣೆಯ ಅಧಿಕಾರಿ ಯಾರು ಎಲ್ಲವೂ ಅದರಲ್ಲಿರಬೇಕು. ಆ ನೀತಿಯ ಪ್ರತಿ ಕೇಳಿ. ಅಧಿಕಾರಿಯ ಹೆಸರು ಹೇಳಲು ತಡವರಿಸಿದರೆ ಜಾಹೀರಾತಿನ ಕೊನೆಯ ಸಾಲಿನ ಬೆಲೆ ತಿಳಿದಂತೆ.

ಎರಡನೇ ಕಡೆ ಉತ್ತರವೇ ಬರಲಿಲ್ಲ. ಮೂರನೆಯವರು, ಠಾಣೆಯ ಸಣ್ಣ ಆಫೀಸು, ಟೇಪು ಹಿಡಿದ ಫೋಟೋ ಕಳಿಸಿ, "ಮೆಟ್ಟಿಲಿಲ್ಲ, ಟಾಯ್ಲೆಟ್ ಬಾಗಿಲು 28 ಇಂಚು, ಒಳಕ್ಕೆ ತೆರೆಯುತ್ತದೆ, ಏನು ಮಾಡಲಿ?" ಅಂತ ಕೇಳಿದರು. ಚೌಕಟ್ಟು ಬದಲಿಸಿ ಬಾಗಿಲನ್ನು ಹೊರಕ್ಕೆ ಹಾಕಿಸಿದರು. ಬಡಗಿಗೆ ಎರಡು ದಿನದ ಕೆಲಸ. ಹುಡುಗಿ ಈಗ ಅಲ್ಲಿ ಲೆಕ್ಕ ಬರೆಯುತ್ತಿದ್ದಾಳೆ.

ಇಷ್ಟೆಲ್ಲ ಬೈದ ಮೇಲೆ ನನ್ನ ಬ್ಯಾಂಕಿನ ಸುದ್ದಿಯನ್ನೂ ಹೇಳಲೇಬೇಕು. ನಮ್ಮ ಶಾಖೆಯ ಮುಂದೆ ಮೂರು ಮೆಟ್ಟಿಲು, ಹದಿನೆಂಟು ಇಂಚು ಎತ್ತರ. ಪಕ್ಕದಲ್ಲೇ ರ‍್ಯಾಂಪ್ ಇದೆ. ಆರು ವರ್ಷದಿಂದ ಅದರ ಪಕ್ಕದಲ್ಲೇ ಹತ್ತಿ ಇಳಿಯುತ್ತಿದ್ದೇನೆ. ಮೊನ್ನೆ ಟೇಪು ಹಿಡಿದು ಅಳೆದೆ. ಇರಬೇಕಾದದ್ದು ಹದಿನೆಂಟು ಅಡಿ, ಇರುವುದು ಐದು. ಮೇಲಿನವರಿಗೆ ಪತ್ರ ಬರೆದಿದ್ದೇನೆ. "ರ‍್ಯಾಂಪ್ ಇದೆ ಎಂದು ದಾಖಲೆಯಲ್ಲಿದೆ" ಅಂತ ಉತ್ತರ ಬಂದಿದೆ. ಎರಡನೇ ಪತ್ರದ ಜೊತೆ ಟೇಪಿನ ಫೋಟೋ ಇಟ್ಟು ಕಳಿಸಿದೆ.