ಯಾರಿಗೆ ಗುದ್ದಬೇಕೆಂಬ ತೀರ್ಮಾನ ಆಗುವುದು ರಸ್ತೆಯಲ್ಲಲ್ಲ

2020ರ ಫೆಬ್ರವರಿ 20ರ ಬೆಳಗಿನ ಜಾವ, ಬೆಂಗಳೂರಿನಿಂದ ಎರ್ನಾಕುಲಕ್ಕೆ ಹೊರಟಿದ್ದ ಕೇರಳ ಸಾರಿಗೆ ಸಂಸ್ಥೆಯ ವೋಲ್ವೊ ಬಸ್ಸಿಗೆ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ ಕಂಟೇನರ್ ಲಾರಿಯೊಂದು ಅಪ್ಪಳಿಸಿತು. ಎದುರು ಪಥದಲ್ಲಿ ಬರುತ್ತಿದ್ದ ಲಾರಿ ರಸ್ತೆ ವಿಭಜಕ ಹತ್ತಿ ಈಚೆಗೆ ನುಗ್ಗಿತ್ತು. 19 ಮಂದಿ ಸತ್ತರು. ಲಾರಿ ಚಾಲಕ ತೂಕಡಿಸಿದ್ದೇ ಕಾರಣವೆಂಬ ಮಾತು ತನಿಖೆಯ ವೇಳೆ ಕೇಳಿಬಂತು. ಇಂಥ ಸುದ್ದಿ ಓದಿದಾಗಲೆಲ್ಲ, ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ಸ್ಟೀರಿಂಗನ್ನು ಅದಕ್ಕೇ ಕೊಟ್ಟುಬಿಡಿ ಎನ್ನುವವರ ವಾದ ಬಲವಾಗುತ್ತದೆ. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಪಥ ಬಿಟ್ಟು ಜಾರುತ್ತಿರುವ ಲಾರಿಯನ್ನು ಹಿಡಿದು ನಿಲ್ಲಿಸುವ ಯಂತ್ರ ಇದ್ದರೆ ಅದು ಇರಲಿ.

ನನ್ನ ತಕರಾರು ಬೇರೆ. ಚಾಲಕರಹಿತ ಕಾರಿನ ನೀತಿಯ ಮಾತು ಬಂದರೆ ಸಾಕು, ಪಂಡಿತರೆಲ್ಲ ಒಂದೇ ಒಗಟನ್ನು ಮುಂದಿಡುತ್ತಾರೆ. ಬ್ರೇಕ್ ಕೆಟ್ಟಿದೆ, ಎಡಕ್ಕೆ ಮುದುಕಿ, ಬಲಕ್ಕೆ ಮಗು, ಕಾರು ಯಾರನ್ನು ಉಳಿಸಬೇಕು? ಅಮೆರಿಕದ ಎಂಐಟಿಯವರು ಇದನ್ನೇ ಆನ್‌ಲೈನ್ ಆಟವಾಗಿಸಿ, 233 ದೇಶ-ಪ್ರಾಂತ್ಯಗಳ ಜನರಿಂದ ಸುಮಾರು 4 ಕೋಟಿ ಉತ್ತರ ಸಂಗ್ರಹಿಸಿ 2018ರಲ್ಲಿ ಪ್ರಕಟಿಸಿದರು. ಹೆಚ್ಚು ಜನರನ್ನು ಉಳಿಸಿ, ಎಳೆಯರನ್ನು ಉಳಿಸಿ, ನಿಯಮ ಪಾಲಿಸಿ ರಸ್ತೆ ದಾಟುವವರನ್ನು ಉಳಿಸಿ ಎಂದು ಹೇಳಿದವರೇ ಹೆಚ್ಚು. ಈ ಒಗಟು ನಮ್ಮ ಕಣ್ಣನ್ನು ತಪ್ಪು ಜಾಗಕ್ಕೆ ತಿರುಗಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗುದ್ದುವ ಕ್ಷಣದಲ್ಲಿ ಕಾರು ಯಾರ ವಯಸ್ಸನ್ನೂ ತೂಗುವುದಿಲ್ಲ. ಯಾರಿಗೆ ಪೆಟ್ಟು ಬೀಳಬೇಕು ಎಂಬುದು ಅದಕ್ಕೂ ಬಹಳ ಮೊದಲೇ, ಕಚೇರಿಯ ಮೇಜಿನ ಮೇಲೆ, ಒಂದೆರಡು ಸಂಖ್ಯೆಗಳ ರೂಪದಲ್ಲಿ ನಿಶ್ಚಯವಾಗಿರುತ್ತದೆ.

ಇದು ಊಹೆಯಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನ ರಾಜ್ಯದ ಟೆಂಪಿ ಎಂಬ ಊರಿನಲ್ಲಿ ಊಬರ್‌ನ ತಾನೇ ಓಡುವ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿ ಕೊಂದಿತು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಿನ ದಾಖಲೆಯನ್ನು ಬಿಡಿಸಿ ಓದಿತು. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಾರಿನ ರಾಡಾರಿಗೆ ಆಕೆ ಸಿಕ್ಕಿದ್ದಳು. ಆಗ ವೇಗ ಗಂಟೆಗೆ ಸುಮಾರು 70 ಕಿ.ಮೀ. ಅಂದರೆ ನಡುವೆ ನೂರು ಮೀಟರಿಗೂ ಹೆಚ್ಚು ಅಂತರ. ಒಣ ರಸ್ತೆಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದರೆ ಆ ವೇಗದ ಕಾರು ಮೂವತ್ತು ಮೀಟರಿನೊಳಗೆ ನಿಲ್ಲುತ್ತದೆ.

ಆದರೂ ನಿಲ್ಲಲಿಲ್ಲ. ತಂತ್ರಾಂಶ ಆಕೆಯನ್ನು ಒಮ್ಮೆ ವಾಹನವೆಂದಿತು, ಒಮ್ಮೆ ಗುರುತಿಸಲಾಗದ ವಸ್ತು ಎಂದಿತು, ಮತ್ತೊಮ್ಮೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಹಿಂದಿನ ಚಲನೆಯ ದಾಖಲೆಯನ್ನು ಬದಿಗಿಟ್ಟು ಲೆಕ್ಕವನ್ನು ಹೊಸದಾಗಿ ಶುರುಮಾಡಿತು. ಹಾಗಾಗಿ ಈಕೆ ಅಡ್ಡ ದಾಟುತ್ತಿದ್ದಾಳೆ ಎಂಬುದೇ ಅದಕ್ಕೆ ಹೊಳೆಯಲಿಲ್ಲ. ಜೀಬ್ರಾ ಪಟ್ಟಿಯಿಂದ ದೂರದಲ್ಲೂ ಪಾದಚಾರಿ ಇರಬಹುದು ಎಂಬ ಸಾಧ್ಯತೆಯನ್ನೇ ಆ ವಿನ್ಯಾಸ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅಪಾಯ ಖಚಿತವಾದದ್ದು 1.2 ಸೆಕೆಂಡ್ ಉಳಿದಾಗ. ಆಗಲೂ ಕಾರು ಬ್ರೇಕ್ ಹಾಕಲಿಲ್ಲ. ಸುಳ್ಳು ಎಚ್ಚರಿಕೆಗೆಲ್ಲ ಗಕ್ಕನೆ ನಿಂತು ತೊಂದರೆ ಕೊಡಬಾರದೆಂದು, ಒಂದು ಸೆಕೆಂಡ್ ಕಾಯುವಂತೆ ಅದಕ್ಕೆ ಹೇಳಿಡಲಾಗಿತ್ತು. ಇದಕ್ಕಿಂತ ಭಯಂಕರವಾದ ಸಂಗತಿ ಇನ್ನೊಂದಿದೆ. ಬ್ರೇಕ್ ಹಾಕಿದರೂ ಅಪಘಾತ ತಪ್ಪುವುದಿಲ್ಲ ಎಂದು ಲೆಕ್ಕ ಬಂದರೆ, ಪೆಟ್ಟನ್ನು ಕಡಿಮೆ ಮಾಡಲು ಪೂರ್ತಿ ಬ್ರೇಕ್ ಹಾಕುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಎಚ್ಚರಿಕೆಯ ಸದ್ದು ಮಾಡಿ ನಿಧಾನವಾಗಿ ವೇಗ ಇಳಿಸುವುದಷ್ಟೇ ಅದರ ಕೆಲಸ. ಆ ಕಾರು ವೋಲ್ವೊ ತಯಾರಿಸಿದ್ದು; ಮೂಲದಲ್ಲಿ ಅದರಲ್ಲಿದ್ದ ಸ್ವಯಂಚಾಲಿತ ಬ್ರೇಕನ್ನೂ ಊಬರ್ ವ್ಯವಸ್ಥೆ ಓಡಿಸುವಾಗ ಆರಿಸಿಡಲಾಗುತ್ತಿತ್ತು. ಕಾರು ಗುದ್ದಿದ್ದು ಸುಮಾರು 63 ಕಿ.ಮೀ. ವೇಗದಲ್ಲಿ. ಆ 1.2 ಸೆಕೆಂಡಿನಲ್ಲೇ ಪೂರ್ತಿ ಬ್ರೇಕ್ ಬಿದ್ದಿದ್ದರೆ, ಉಳಿದಿದ್ದ ಇಪ್ಪತ್ಮೂರು ಮೀಟರಿನಲ್ಲಿ ವೇಗ 30 ಕಿ.ಮೀ.ಗಿಂತ ಕೆಳಗಿಳಿಯುತ್ತಿತ್ತು ಎನ್ನುತ್ತದೆ ನನ್ನ ಲೆಕ್ಕ. ಆ ವೇಗದಲ್ಲಿ ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಬದುಕುತ್ತಾರೆ.

ತಪ್ಪಿಸಲಾಗದ ಅಪಘಾತದಲ್ಲಿ ಯಾರಿಗೆ ಪೆಟ್ಟು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಬರೆದಾಗಿತ್ತು. ಆ ಉತ್ತರದಲ್ಲಿ ಮುದುಕಿ, ಮಗು ಯಾರೂ ಇರಲಿಲ್ಲ. ಒಳಗಿದ್ದವರ ಪ್ರಯಾಣ ಸುಗಮವಾಗಿರಬೇಕು, ಪಟ್ಟಿ ಬಿಟ್ಟು ದಾಟುವವರು ಲೆಕ್ಕಕ್ಕಿಲ್ಲ ಎಂದಷ್ಟೇ ಇತ್ತು.

ಈ ಉತ್ತರವನ್ನು ನಮ್ಮ ಕಡೆಗೆ ತಂದು ನೋಡಿ. ಅವಿನಾಶಿ ರಸ್ತೆಯಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಗಳ ಗಲ್ಲಿಗಳಲ್ಲಿ ಪಟ್ಟಿ ಹುಡುಕಿಕೊಂಡು ಹೋಗಿ ದಾಟುವವರು ಎಷ್ಟು ಮಂದಿ? ಶಿಫ್ಟ್ ಬಿಟ್ಟ ಹೊತ್ತಿಗೆ ಹತ್ತಿಪ್ಪತ್ತು ಹೆಂಗಸರು ಊಟದ ಬ್ಯಾಗು ಹಿಡಿದು, ಕೈ ಅಡ್ಡ ತೋರಿಸಿ, ಬರುವ ಗಾಡಿಯ ಕಣ್ಣಲ್ಲಿ ಕಣ್ಣಿಟ್ಟು ದಾಟುತ್ತಾರೆ. ಟಿವಿಎಸ್ ಎಕ್ಸೆಲ್ ಮೇಲೆ ಬಟ್ಟೆಯ ಮೂಟೆಗಳನ್ನು ಹಿಂದೆ ಮುಂದೆ ಪೇರಿಸಿಕೊಂಡು ಹೋಗುವವನನ್ನು ನೋಡಿ. ಮೂಟೆ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಆತ ಇಳಿದು ಗಾಡಿಯನ್ನು ತಳ್ಳತೊಡಗಿದರೆ ಅವನು ವಾಹನವೋ, ಪಾದಚಾರಿಯೋ, ಸರಕೋ? ಟೆಂಪಿಯ ಯಂತ್ರ ಎಡವಿದ್ದು ಇಂಥ ಅನುಮಾನದಲ್ಲೇ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಸುಮಾರು ಶೇಕಡ 44 ದ್ವಿಚಕ್ರದವರು, ಸುಮಾರು ಶೇಕಡ 19 ಪಾದಚಾರಿಗಳು. ಕಾರಿನ ಹೊರಗಿರುವವರೇ ನಮ್ಮಲ್ಲಿ ಹೆಚ್ಚಾಗಿ ಸಾಯುವವರು.

ಚಾಲಕರಹಿತ ಕಾರಿಗೆ ದೇಶದಲ್ಲಿ ಅವಕಾಶವಿಲ್ಲ, ಚಾಲಕರ ಹೊಟ್ಟೆಪಾಡು ಮುಖ್ಯ ಎಂದು ಸಚಿವ ನಿತಿನ್ ಗಡ್ಕರಿ 2017ರಿಂದಲೂ ಹೇಳುತ್ತಿದ್ದಾರೆ. ಅಲ್ಲಿಗೆ ಚರ್ಚೆ ಮುಗಿಯಿತು ಎಂದುಕೊಂಡರೆ ಅದು ಕಣ್ಣುಮುಚ್ಚಿದ ಹಾಗೆ. ತಾನೇ ಬ್ರೇಕ್ ಹಾಕುವ, ತಾನೇ ಪಥ ಹಿಡಿಯುವ ಕಾರುಗಳು ಈಗಾಗಲೇ ಷೋರೂಮಿನಲ್ಲಿವೆ. ಯಾವ ಆಕೃತಿಯನ್ನು ಮನುಷ್ಯ ಎನ್ನಬೇಕು, ಎಷ್ಟು ಖಚಿತವಾದ ಮೇಲೆ ಬ್ರೇಕ್ ಒತ್ತಬೇಕು ಎಂಬ ಮಿತಿಗಳು ಅವುಗಳೊಳಗೂ ಇವೆ. ವಾಹನ ತಂತ್ರಾಂಶ ಬರೆಯುವ ಎಂಜಿನಿಯರುಗಳು ಕೊಯಮತ್ತೂರಿನಲ್ಲೇ ಇದ್ದಾರೆ, ಬಾಷ್ ಕಂಪನಿಯ ದೊಡ್ಡ ಕೇಂದ್ರ ಅಲ್ಲಿದೆ. ಆದರೆ ಆ ಮಿತಿಗಳೇನೆಂದು ಕಂಪನಿಗಳು ಕೊಂಡವನಿಗೂ ಹೇಳುವುದಿಲ್ಲ, ರಸ್ತೆ ದಾಟುವವಳಿಗಂತೂ ಇಲ್ಲವೇ ಇಲ್ಲ.

ಸುಳ್ಳು ಎಚ್ಚರಿಕೆಗೆಲ್ಲ ಬ್ರೇಕ್ ಬಿದ್ದರೆ ಹಿಂದಿನ ಲಾರಿ ಬಂದು ಗುದ್ದುತ್ತದೆ ಎಂದು ಎಂಜಿನಿಯರು ಹೇಳುತ್ತಾನೆ. ಮಾತು ನಿಜ. ಮಿತಿಯೊಂದನ್ನು ಎಲ್ಲೋ ಇಡಲೇಬೇಕು. ಆದರೆ ಆ ಮಿತಿ ಎಲ್ಲಿರಬೇಕೆಂದು ಕಂಪನಿ ಒಂದೇ ನಿರ್ಧರಿಸಬಾರದು, ಏಕೆಂದರೆ ತಪ್ಪಿನ ಬೆಲೆ ತೆರುವುದು ಅದಲ್ಲ. ಟೆಂಪಿಯಲ್ಲೂ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಕಾರಿನ ಮೇಲೆ ನಿಗಾ ಇಡಲು ಒಳಗೆ ಕೂತು ಫೋನ್ ನೋಡುತ್ತಿದ್ದ ಉದ್ಯೋಗಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಪಡೆದರು.

ಸ್ವಯಂಚಾಲಿತ ವಾಹನಗಳ ಬಗ್ಗೆ ಜರ್ಮನಿ ರಚಿಸಿದ್ದ ನೈತಿಕತಾ ಆಯೋಗ 2017ರಲ್ಲೇ ಎರಡು ಮಾತು ಸ್ಪಷ್ಟವಾಗಿ ಹೇಳಿತು. ಅನಿವಾರ್ಯ ಅಪಘಾತದಲ್ಲಿ ವಯಸ್ಸು, ಲಿಂಗ, ದೇಹಸ್ಥಿತಿ ನೋಡಿ ಮನುಷ್ಯರನ್ನು ವಿಂಗಡಿಸಕೂಡದು. ವಾಹನದಿಂದ ಅಪಾಯ ಹುಟ್ಟಿಸುವವರು ಅದಕ್ಕೆ ಸಂಬಂಧವಿಲ್ಲದವರನ್ನು ಬಲಿಕೊಡಕೂಡದು. ಮೊದಲನೆಯದು ಎಲ್ಲರ ಬಾಯಲ್ಲೂ ಇದೆ. ನಮಗೆ ಬೇಕಾದದ್ದು ಎರಡನೆಯದು. ಅದನ್ನು ಕಾನೂನಾಗಿಸಿದರೆ ಹೀಗಿರಬೇಕು: ಅಪಘಾತ ತಪ್ಪದು ಎಂದು ಗೊತ್ತಾದ ಕ್ಷಣ ಕಾರು ತನ್ನ ಪಥದಲ್ಲೇ ಪೂರ್ತಿ ಬ್ರೇಕ್ ಒತ್ತಬೇಕು, ಯಾರನ್ನೂ ಆರಿಸಬಾರದು. ಬ್ರೇಕ್ ತಡೆಹಿಡಿಯುವ ಮಿತಿಗಳನ್ನು ಮಾರಾಟಕ್ಕೆ ಮೊದಲು ಸರ್ಕಾರಕ್ಕೆ ಕೊಟ್ಟು ಬಹಿರಂಗಪಡಿಸಬೇಕು. ಶಿಫ್ಟ್ ಬಿಟ್ಟ ಹೊತ್ತಿನ ತಿರುಪ್ಪೂರಿನಂಥ ಬೀದಿಯ ಸನ್ನಿವೇಶದಲ್ಲಿ, ಮೂಟೆ ಹೊತ್ತ ಎಕ್ಸೆಲ್ಲಿನ ಮುಂದೆ, ಪಟ್ಟಿ ಬಿಟ್ಟು ದಾಟುವ ಹೆಂಗಸಿನ ಪ್ರತಿಕೃತಿಯ ಮುಂದೆ ಪರೀಕ್ಷೆಯಾಗದ ಕಾರಿಗೆ ಸಾರಿಗೆ ಇಲಾಖೆ ನೋಂದಣಿ ಕೊಡಬಾರದು.